ನೆರೆಯ ಕಾರ್ಖಾನೆಗೆ ಪ್ರಶಸ್ತಿ ಬಂದಾಗ: ಕೊಂಕಿಲ್ಲದ ಒಂದು ಅಭಿನಂದನಾ ಪತ್ರ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯನ್ನು ಮಾಜಿ ಮುಖ್ಯಮಂತ್ರಿ ದಿವಂಗತ ಎಸ್.ಎಂ. ಕೃಷ್ಣ ಅವರ ಹುಟ್ಟೂರೆಂದು ನಾಡು ಬಲ್ಲದು. ಉದ್ಯಮಿಗಳ ಪಾಲಿಗೆ ಅದು ಕೈಗಾರಿಕಾ ಪ್ರದೇಶವಿರುವ ಊರೂ ಹೌದು. ಇಂತಹ ಪ್ರದೇಶದಲ್ಲಿ ಒಂದೇ ಬಗೆಯ ವಸ್ತುವನ್ನು ತಯಾರಿಸುವ ಎರಡು ಘಟಕಗಳು ಅಕ್ಕಪಕ್ಕದಲ್ಲಿ ಇರುವುದುಂಟು. ಅವುಗಳ ಗ್ರಾಹಕರು ಒಬ್ಬರೇ, ಸರಕು ಪೂರೈಸುವವರು ಒಬ್ಬರೇ, ಎಷ್ಟೋ ವೇಳೆ ಪಾಳಿ ಮುಗಿಸಿ ಬಂದ ಕಾರ್ಮಿಕರು ಚಹಾ ಕುಡಿಯುವ ಅಂಗಡಿಯೂ ಒಂದೇ. ಅವುಗಳಲ್ಲಿ ಒಂದಕ್ಕೆ ರಾಜ್ಯ ಅಥವಾ ರಾಷ್ಟ್ರ ಮಟ್ಟದ ಪ್ರಶಸ್ತಿ ಬಂದರೆ ಸುದ್ದಿಯು ಪತ್ರಿಕೆಗಿಂತ ಮೊದಲು ಪಕ್ಕದ ಗೇಟನ್ನು ತಲುಪಿರುತ್ತದೆ. ಆಗ ಪಕ್ಕದ ಘಟಕದ ಮಾಲೀಕರ ಮುಂದೆ ಒಂದು ಸಣ್ಣ ಪ್ರಶ್ನೆ ಏಳುತ್ತದೆ. ಅಭಿನಂದನಾ ಪತ್ರ ಬರೆಯಬೇಕೆ? ಬರೆಯುವುದಾದರೆ ಏನೆಂದು ಬರೆಯಬೇಕು?

ಬಹುತೇಕ ಕಡೆ ಎರಡು ಸಾಲಿನ ಸಿದ್ಧ ಪತ್ರವೊಂದು ಹೋಗುತ್ತದೆ, ಇಲ್ಲವೇ ಏನೂ ಹೋಗುವುದಿಲ್ಲ. ಕೆಲವೊಮ್ಮೆ ಒಳ್ಳೆಯ ಮನಸ್ಸಿನಿಂದಲೇ ಬರೆದ ಪತ್ರವು ತಲುಪಿದ ಕಡೆ ಕುಹಕವಾಗಿ ಕೇಳಿಸುತ್ತದೆ. ಬರೆದವರಿಗೆ ಅದರ ಅರಿವೂ ಇರುವುದಿಲ್ಲ. ಇದು ಹೇಗೆ ಆಗುತ್ತದೆ, ಹಾಗಾಗದಂತೆ ಬರೆಯುವುದು ಹೇಗೆ ಎಂಬುದನ್ನು ಈ ತಾಲ್ಲೂಕಿನ ಎಲ್ಲರಿಗೂ ತಿಳಿದಿರುವ ಸಕ್ಕರೆ ಉದ್ಯಮದ ಉದಾಹರಣೆಯೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ಅಭಿನಂದಿಸುವುದಕ್ಕೂ ಬೆಲೆಯುಂಟು

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗ ಸುತ್ತಲಿನ ಕಬ್ಬಿಗೆ ಅದೊಂದೇ ಕಾರ್ಖಾನೆಯಾಗಿತ್ತು. ನಂತರದ ದಶಕಗಳಲ್ಲಿ ಜಿಲ್ಲೆಯಲ್ಲಿ ಹಲವು ಕಾರ್ಖಾನೆಗಳು ಬಂದವು. ಮದ್ದೂರು ತಾಲ್ಲೂಕೊಂದರಲ್ಲೇ ಭಾರತೀನಗರ ಮತ್ತು ಕೊಪ್ಪದಲ್ಲಿ ಎರಡು ಕಾರ್ಖಾನೆಗಳಿವೆ. ಕಬ್ಬನ್ನು ದೂರದಿಂದ ತರಿಸಿದರೆ ಸಾಗಣೆ ವೆಚ್ಚವೂ ಹೆಚ್ಚು, ದಾರಿಯಲ್ಲಿ ಆಗುವ ನಷ್ಟವೂ ಹೆಚ್ಚು. ಆದ್ದರಿಂದ ಸಕ್ಕರೆ ಕಾರ್ಖಾನೆಗಳ ನಡುವಿನ ಪೈಪೋಟಿ ಮಾರುಕಟ್ಟೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಗದ್ದೆಯಲ್ಲಿ ಇರುತ್ತದೆ. ನೆರೆಯ ಕಾರ್ಖಾನೆಯೇ ನಿಜವಾದ ಪ್ರತಿಸ್ಪರ್ಧಿ.

ಈ ಉದ್ಯಮದಲ್ಲಿ ದಕ್ಷತೆಗಾಗಿ ಪ್ರಶಸ್ತಿ ನೀಡುವ ಪದ್ಧತಿ ಬಹು ಕಾಲದಿಂದ ಇದೆ. ನವದೆಹಲಿಯ ರಾಷ್ಟ್ರೀಯ ಸಹಕಾರಿ ಸಕ್ಕರೆ ಕಾರ್ಖಾನೆಗಳ ಒಕ್ಕೂಟವು ಸಹಕಾರಿ ಕಾರ್ಖಾನೆಗಳಿಗೆ ತಾಂತ್ರಿಕ ದಕ್ಷತೆ, ಕಬ್ಬು ಅಭಿವೃದ್ಧಿ, ಹಣಕಾಸು ನಿರ್ವಹಣೆ ಮುಂತಾದ ವಿಭಾಗಗಳಲ್ಲಿ ಪ್ರಶಸ್ತಿ ನೀಡುತ್ತದೆ. ದಕ್ಷಿಣ ಭಾರತದ ಸಕ್ಕರೆ ತಂತ್ರಜ್ಞರ ಸಂಘವೂ ಕಾರ್ಖಾನೆಗಳನ್ನು ಹೀಗೆ ಗೌರವಿಸುತ್ತದೆ.

ಇಂತಹ ಪ್ರಶಸ್ತಿ ನೆರೆಯವರಿಗೆ ಬಂದಾಗ ಅದನ್ನು ಒಪ್ಪಿಕೊಂಡು ಹೊಗಳುವುದರಲ್ಲಿ ನಿಜವಾದ ಕಷ್ಟವೊಂದಿದೆ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರವು ಕಾರ್ಖಾನೆಯ ಸಕ್ಕರೆ ಇಳುವರಿಗೆ ತಳಕು ಹಾಕಿಕೊಂಡಿದೆ. ಇಳುವರಿ ಎಂದರೆ ನೂರು ಟನ್ ಕಬ್ಬು ಅರೆದಾಗ ಎಷ್ಟು ಟನ್ ಸಕ್ಕರೆ ದೊರೆಯಿತು ಎಂಬ ಲೆಕ್ಕ. 2025-26ನೇ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ನಿಗದಿಯಾಗಿದೆ. ಇಳುವರಿ ಶೇ. 0.1ರಷ್ಟು ಹೆಚ್ಚಿದರೆ 3.46 ರೂಪಾಯಿ ಹೆಚ್ಚು, ಅಷ್ಟೇ ಕಡಿಮೆಯಾದರೆ 3.46 ರೂಪಾಯಿ ಕಡಿಮೆ. ಇಳುವರಿ ಶೇ. 9.5 ಅಥವಾ ಅದಕ್ಕಿಂತ ಕೆಳಗಿದ್ದರೂ ದರ 329.05 ರೂಪಾಯಿಗಿಂತ ಇಳಿಯುವುದಿಲ್ಲ.

ಸುಲಭವಾಗಿ ತಿಳಿಯಲೆಂದು ಎರಡು ಕಾಲ್ಪನಿಕ ಕಾರ್ಖಾನೆಗಳನ್ನು ತೆಗೆದುಕೊಳ್ಳಬಹುದು. ಇವು ಮೇಲೆ ಹೆಸರಿಸಿದ ಯಾವ ಕಾರ್ಖಾನೆಯೂ ಅಲ್ಲ. ಪೂರ್ವದ ಕಾರ್ಖಾನೆಯ ಇಳುವರಿ ಶೇ. 10.25, ಪಶ್ಚಿಮದ್ದು ಶೇ. 9.85 ಎಂದಿರಲಿ. ವ್ಯತ್ಯಾಸ 0.40. ಮೇಲಿನ ದರದಲ್ಲಿ ಲೆಕ್ಕ ಹಾಕಿದರೆ ಕ್ವಿಂಟಲ್‌ಗೆ 13.84 ರೂಪಾಯಿ, ಟನ್ನಿಗೆ 138 ರೂಪಾಯಿಗೂ ತುಸು ಹೆಚ್ಚು. ಪೂರ್ವದ ಕಾರ್ಖಾನೆಗೆ ತಾಂತ್ರಿಕ ದಕ್ಷತೆಯ ಪ್ರಶಸ್ತಿ ಬಂದು, ಅದನ್ನು ಪಶ್ಚಿಮದವರು ಬಹಿರಂಗವಾಗಿ ಅಭಿನಂದಿಸಿದರೆ ಮರುದಿನವೇ ಪಶ್ಚಿಮದ ರೈತರು ಕೇಳುತ್ತಾರೆ: "ಅವರಿಗೆ ಬರುವ ಇಳುವರಿ ನಿಮಗೆ ಯಾಕೆ ಬರೋದಿಲ್ಲ, ಸ್ವಾಮಿ? ನಮ್ಮ ಟನ್ನಿಗೆ ಆ ನೂರಮೂವತ್ತೆಂಟು ರೂಪಾಯಿ ಎಲ್ಲಿ ಹೋಯಿತು?"

ಪಶ್ಚಿಮದ ಕಾರ್ಖಾನೆ ಮೌನವಾಗಿ ಉಳಿಯಲು ಬಯಸುವುದು ಈ ಪ್ರಶ್ನೆಯ ಭಯದಿಂದ. ಪತ್ರ ಬರೆದರೂ ಅದರಲ್ಲಿ ತನ್ನ ಸಮರ್ಥನೆಯ ಒಂದು ಎಳೆಯನ್ನು ಸೇರಿಸಲು ಹೋಗುವುದೂ ಇದೇ ಭಯದಿಂದ. ಕೊಂಕು ಹುಟ್ಟುವ ಜಾಗ ಇದೇ.

"ತಮ್ಮ ಭಾಗದ ಕಬ್ಬಿಗೆ ಸಂದ ಗೌರವ"

ಇಂತಹ ಪತ್ರದಲ್ಲಿ ಸಹಜವಾಗಿ ನುಸುಳುವ ವಾಕ್ಯವೊಂದಿದೆ: "ಈ ಪ್ರಶಸ್ತಿಯು ತಮ್ಮ ಭಾಗದ ಉತ್ಕೃಷ್ಟ ಕಬ್ಬಿಗೂ ಫಲವತ್ತಾದ ಭೂಮಿಗೂ ಸಂದ ಗೌರವವಾಗಿದೆ." ಮೇಲ್ನೋಟಕ್ಕೆ ಇದು ರೈತರನ್ನೂ ನೆಲವನ್ನೂ ಕೊಂಡಾಡುವ ಸೌಜನ್ಯದ ಮಾತು. ಆದರೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಯಾರೇ ಇದನ್ನು ಓದಿದರೂ ಕೇಳಿಸುವ ಅರ್ಥ ಬೇರೆ: ಕಬ್ಬು ಒಳ್ಳೆಯದಿತ್ತು, ಅದರಿಂದ ಇಳುವರಿ ಬಂತು, ಇದರಲ್ಲಿ ನಿಮ್ಮ ಸಾಧನೆ ಏನೂ ಇಲ್ಲ.

ಇದು ಏಕೆ ನೋಯಿಸುತ್ತದೆ ಎಂದು ತಿಳಿಯಲು ಪ್ರಶಸ್ತಿ ಅಳೆಯುವುದು ಏನನ್ನು ಎಂಬುದನ್ನು ನೋಡಬೇಕು. ಇಳುವರಿ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಗದ್ದೆಯಿಂದ ಬಂದ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇತ್ತು ಎಂಬುದು. ಇನ್ನೊಂದು, ಅದರಲ್ಲಿ ಎಷ್ಟನ್ನು ಕಾರ್ಖಾನೆ ಕಳೆದುಕೊಂಡಿತು ಎಂಬುದು. ಮೊದಲನೆಯದು ತಳಿ, ಮಣ್ಣು, ಹವೆ, ಕಬ್ಬಿನ ವಯಸ್ಸು ಇವುಗಳಿಗೆ ಸೇರಿದ್ದು. ಆದ್ದರಿಂದಲೇ ಸಹಕಾರಿ ಕಾರ್ಖಾನೆಗಳ ಒಕ್ಕೂಟವು ಹೆಚ್ಚು ಇಳುವರಿ ಬರುವ ಪ್ರದೇಶಗಳನ್ನೂ ಉಳಿದ ಪ್ರದೇಶಗಳನ್ನೂ ಪ್ರತ್ಯೇಕವಾಗಿಟ್ಟು ಪ್ರಶಸ್ತಿ ನೀಡುತ್ತದೆ. ನೆಲದ ಅದೃಷ್ಟವನ್ನು ಲೆಕ್ಕದಿಂದ ಸಾಧ್ಯವಾದಷ್ಟು ತೆಗೆದುಹಾಕುವುದು ಇದರ ಉದ್ದೇಶ. ತಾಂತ್ರಿಕ ದಕ್ಷತೆಯ ಪ್ರಶ್ನೆ ಬಂದಾಗ ಎರಡನೆಯ ಸಂಗತಿಯೇ ಮುಖ್ಯ.

ಕಾರ್ಖಾನೆಯಲ್ಲಿ ಸಕ್ಕರೆ ನಾಲ್ಕು ದಾರಿಗಳಲ್ಲಿ ಹೋಗುತ್ತದೆ. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯಲ್ಲಿ, ರಸ ಶುದ್ಧೀಕರಣದಲ್ಲಿ ಸಿಗುವ ಮಡ್ಡಿಯಲ್ಲಿ, ಕೊನೆಗೆ ಉಳಿಯುವ ಕಾಕಂಬಿಯಲ್ಲಿ, ಮತ್ತು ಯಾವ ಲೆಕ್ಕಕ್ಕೂ ಸಿಗದ ಸೋರಿಕೆಯಲ್ಲಿ. ನಮ್ಮ ಉದಾಹರಣೆಯ ಎರಡೂ ಕಾರ್ಖಾನೆಗಳಿಗೆ ಬಂದ ಕಬ್ಬಿನಲ್ಲಿ ಸಕ್ಕರೆಯ ಅಂಶ ಶೇ. 12 ಇತ್ತು ಎಂದು ಭಾವಿಸೋಣ. ಪೂರ್ವದ ಕಾರ್ಖಾನೆಯಲ್ಲಿ ಸಿಪ್ಪೆಯೊಂದಿಗೆ ಹೋದದ್ದು 0.60, ಮಡ್ಡಿಯೊಂದಿಗೆ 0.08, ಕಾಕಂಬಿಯೊಂದಿಗೆ 1.00, ಲೆಕ್ಕಕ್ಕೆ ಸಿಗದ್ದು 0.07. ಒಟ್ಟು ನಷ್ಟ 1.75, ಉಳಿದ ಇಳುವರಿ 10.25. ಪಶ್ಚಿಮದ ಕಾರ್ಖಾನೆಯಲ್ಲಿ ಇದೇ ಕ್ರಮದಲ್ಲಿ 0.72, 0.10, 1.20 ಮತ್ತು 0.13. ಒಟ್ಟು ನಷ್ಟ 2.15, ಉಳಿದದ್ದು 9.85. ಐದು ಲಕ್ಷ ಟನ್ ಕಬ್ಬು ಅರೆಯುವ ಕಾರ್ಖಾನೆಗೆ ಈ 0.40ರ ಅಂತರವೆಂದರೆ ಎರಡು ಸಾವಿರ ಟನ್ ಸಕ್ಕರೆ.

ಗದ್ದೆಯ ಕಬ್ಬು ಒಂದೇ ಆಗಿರುವಾಗ ವ್ಯತ್ಯಾಸವೆಲ್ಲ ಕೆಲಸದ್ದು. ಅದನ್ನು ನೆಲಕ್ಕೆ ಆರೋಪಿಸಿದರೆ ಹಂಗಾಮಿನುದ್ದಕ್ಕೂ ರಾತ್ರಿ ಪಾಳಿಯಲ್ಲಿ ದುಡಿದವರ ಶ್ರಮವನ್ನು ಅಳಿಸಿದಂತಾಗುತ್ತದೆ. ಬರೆದವರಿಗೆ ಆ ಉದ್ದೇಶ ಇಲ್ಲದಿರಬಹುದು. ಆದರೆ ಬರೆದವರೂ ಸಕ್ಕರೆ ತಯಾರಕರೇ. ಅವರಿಗೆ ವ್ಯತ್ಯಾಸ ತಿಳಿಯದೆಂದು ಓದಿದವರು ನಂಬುವುದಿಲ್ಲ. ಹೊರಗಿನವರು ಆಡಿದರೆ ಅಜ್ಞಾನವೆನಿಸುವ ಮಾತು ಪ್ರತಿಸ್ಪರ್ಧಿಯ ಬಾಯಲ್ಲಿ ಕುಹಕವಾಗುವುದು ಇದರಿಂದಲೇ.

ಇದೇ ಜಾತಿಯ ಮಾತುಗಳು ಇನ್ನೂ ಕೆಲವಿವೆ. "ಕೊನೆಗೂ ತಮಗೆ ಪ್ರಶಸ್ತಿ ದೊರೆತದ್ದು ಸಂತಸ" ಎಂಬಲ್ಲಿ 'ಕೊನೆಗೂ' ಎಂಬ ಪದವು ಇಷ್ಟು ದಿನ ಬರಲಿಲ್ಲವೆಂಬುದನ್ನು ನೆನಪಿಸುತ್ತದೆ. "ಈ ಸಲದ ಪ್ರಶಸ್ತಿ" ಎಂದರೆ ಮುಂದಿನ ಸಲ ನೋಡೋಣ ಎಂಬ ಧ್ವನಿ ಬರುತ್ತದೆ. "ಮೂರು ಬಾರಿ ಈ ಪ್ರಶಸ್ತಿ ಪಡೆದ ನಮ್ಮ ಸಂಸ್ಥೆಯು ತಮ್ಮನ್ನು ಈ ಸಾಲಿಗೆ ಸ್ವಾಗತಿಸುತ್ತದೆ" ಎಂದರೆ ಹಾರ ಹಾಕುವ ನೆಪದಲ್ಲಿ ತನ್ನ ಕೊರಳನ್ನೇ ಮುಂದೆ ಮಾಡಿದಂತೆ.

ಜಾಹೀರಾತಾದ ಅಭಿನಂದನೆ

ಈ ಕೊನೆಯ ಬಗೆಗೆ ಜಗತ್ಪ್ರಸಿದ್ಧ ನಿದರ್ಶನವೊಂದು 2006ರಲ್ಲಿ ನಡೆಯಿತು. ಜರ್ಮನಿಯ ಕಾರು ತಯಾರಕ ಸಂಸ್ಥೆ ಬಿಎಂಡಬ್ಲ್ಯು, ದಕ್ಷಿಣ ಆಫ್ರಿಕಾದ ವರ್ಷದ ಕಾರು ಪ್ರಶಸ್ತಿ ಪಡೆದ ತನ್ನ ಪ್ರತಿಸ್ಪರ್ಧಿ ಆಡಿಯನ್ನು ಜಾಹೀರಾತಿನ ಮೂಲಕ ಅಭಿನಂದಿಸಿತು. ಕೆಳಗೆ ಸಹಿ ಮಾಡಿದ್ದು ಆ ವರ್ಷದ ವಿಶ್ವ ಕಾರು ಪ್ರಶಸ್ತಿ ವಿಜೇತ ಎಂದು. ಆಡಿ ಸುಮ್ಮನಿರಲಿಲ್ಲ. ವಿಶ್ವ ಕಾರು ಪ್ರಶಸ್ತಿಗಾಗಿ ಬಿಎಂಡಬ್ಲ್ಯುವನ್ನು ಅಭಿನಂದಿಸಿ, ಫ್ರಾನ್ಸಿನ ಲ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ಓಟವನ್ನು ಸತತ ಆರು ಬಾರಿ ಗೆದ್ದವರು ಎಂದು ಸಹಿ ಹಾಕಿತು. ಅಷ್ಟರಲ್ಲಿ ಜಪಾನಿನ ಸುಬಾರು ಬಂದು, ಸೌಂದರ್ಯ ಸ್ಪರ್ಧೆ ಗೆದ್ದ ಇಬ್ಬರಿಗೂ ಶಹಬ್ಬಾಸ್ ಹೇಳಿ, ತನ್ನನ್ನು ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿ ವಿಜೇತ ಎಂದು ಕರೆದುಕೊಂಡಿತು.

ಓದುಗರು ನಕ್ಕರು. ಜಾಹೀರಾತುಗಳಾಗಿ ಅವು ಯಶಸ್ವಿಯೇ. ಆದರೆ ಅವು ಅಭಿನಂದನೆಗಳಲ್ಲ. ಪ್ರಶಸ್ತಿ ಪಡೆದ ಕಾರು ಏಕೆ ಒಳ್ಳೆಯದೆಂಬ ಒಂದು ಮಾತೂ ಅವುಗಳಲ್ಲಿ ಇರಲಿಲ್ಲ. ಇದ್ದದ್ದು ಕಳುಹಿಸಿದವರ ಸ್ವಂತ ಬಿರುದು ಮಾತ್ರ. ಆ ಬಿರುದೂ ಪೂರ್ತಿ ನಿಖರವಾಗಿರಲಿಲ್ಲ. 2000ದಿಂದ 2006ರವರೆಗೆ ಆಡಿ ಕಾರು ಲ ಮಾನ್ ಓಟವನ್ನು ಆರು ಬಾರಿ ಗೆದ್ದದ್ದು ನಿಜವಾದರೂ ನಡುವೆ 2003ರಲ್ಲಿ ಗೆದ್ದದ್ದು ಬೆಂಟ್ಲಿ. ಅಭಿನಂದನೆಯು ಸ್ಪರ್ಧೆಯಾದೊಡನೆ ಲೆಕ್ಕವೂ ಸಡಿಲವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಪದ್ಧತಿಯೊಂದು ಅಮೆರಿಕದ ಚಲನಚಿತ್ರೋದ್ಯಮದಲ್ಲಿದೆ. ಅದು ಪ್ರಶಸ್ತಿಗೆ ಸಂಬಂಧಿಸಿದ್ದಲ್ಲ, ಗಳಿಕೆಯ ದಾಖಲೆಗೆ ಸಂಬಂಧಿಸಿದ್ದು. 1977ರಲ್ಲಿ ಜಾರ್ಜ್ ಲ್ಯೂಕಾಸ್ ಅವರ 'ಸ್ಟಾರ್ ವಾರ್ಸ್' ಚಿತ್ರವು ಸ್ಟೀವನ್ ಸ್ಪೀಲ್‌ಬರ್ಗ್ ಅವರ 'ಜಾಸ್' ಚಿತ್ರದ ದಾಖಲೆಯನ್ನು ಮುರಿಯಿತು. ಸ್ಪೀಲ್‌ಬರ್ಗ್ ಅವರು ಉದ್ಯಮ ಪತ್ರಿಕೆ 'ವೆರೈಟಿ'ಯಲ್ಲಿ ಅಭಿನಂದನೆಯನ್ನು ಪ್ರಕಟಿಸಿದರು. ಅದರ ಚಿತ್ರದಲ್ಲಿ ಲ್ಯೂಕಾಸ್ ಅವರ ಪುಟ್ಟ ಯಂತ್ರಮಾನವ ಸ್ಪೀಲ್‌ಬರ್ಗ್ ಅವರದೇ ಶಾರ್ಕ್ ಮೀನನ್ನು ಗಾಳ ಹಾಕಿ ಹಿಡಿದಿತ್ತು. 1998ರಲ್ಲಿ 'ಟೈಟಾನಿಕ್' ಚಿತ್ರವು ಮುಂದೆ ಹೋದಾಗ ಲ್ಯೂಕಾಸ್ ಅವರು ಜೇಮ್ಸ್ ಕ್ಯಾಮರೂನ್ ಅವರನ್ನು ಹೀಗೆಯೇ ಅಭಿನಂದಿಸಿದರು. 2019ರಲ್ಲಿ ಕ್ಯಾಮರೂನ್ ಅವರ ಸರದಿ ಬಂತು. ತಮ್ಮ 'ಟೈಟಾನಿಕ್' ಹಡಗು ಮುಳುಗುವ ಚಿತ್ರದೊಂದಿಗೆ ಅವರು 'ಅವೆಂಜರ್ಸ್' ತಂಡಕ್ಕೆ ಶುಭ ಕೋರಿದರು.

ಇಲ್ಲಿಯೂ ಹಾಸ್ಯವಿದೆ, ಆದರೆ ಅದು ಕಳುಹಿಸಿದವರ ಮೇಲೆ ತಿರುಗಿದೆ. ಸೋತದ್ದು ಯಾರ ಶಾರ್ಕ್, ಮುಳುಗಿದ್ದು ಯಾರ ಹಡಗು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಎರಡೂ ನಿದರ್ಶನಗಳಲ್ಲಿ ಕಳುಹಿಸಿದವರು ತಮ್ಮ ಹೆಸರನ್ನು ತಂದಿದ್ದಾರೆ. ಒಂದರಲ್ಲಿ ಗೆದ್ದವರಾಗಿ, ಇನ್ನೊಂದರಲ್ಲಿ ಹಿಂದೆ ಬಿದ್ದವರಾಗಿ. ಪತ್ರದ ಸ್ವರ ನಿರ್ಧಾರವಾಗುವುದು ಇದರಿಂದ. ವ್ಯಾಪಾರದ ಪತ್ರದಲ್ಲಿ ಹಾಸ್ಯದ ಅಗತ್ಯವಿಲ್ಲ. ಹಿಂದೆ ಬಿದ್ದಿದ್ದೇವೆ ಎಂಬುದನ್ನು ನೇರವಾಗಿ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಪತ್ರ ಹೀಗಿರಬಹುದು

ಪಶ್ಚಿಮದ ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರು ಪೂರ್ವದ ಕಾರ್ಖಾನೆಯ ವ್ಯವಸ್ಥಾಪಕ ನಿರ್ದೇಶಕರಿಗೆ ಬರೆಯುವ ಪತ್ರದ ಮಾದರಿಯೊಂದನ್ನು ಇಲ್ಲಿ ನೀಡಲಾಗಿದೆ.

"ಮಾನ್ಯರೇ,

ಕಳೆದ ಹಂಗಾಮಿನ ತಾಂತ್ರಿಕ ದಕ್ಷತೆಗಾಗಿ ತಮ್ಮ ಕಾರ್ಖಾನೆಗೆ ಪ್ರಥಮ ಪ್ರಶಸ್ತಿ ದೊರೆತ ವಿಷಯವನ್ನು ಇಂದಿನ ಪತ್ರಿಕೆಯಲ್ಲಿ ಓದಿದೆವು. ತಮಗೂ ತಮ್ಮ ಸಿಬ್ಬಂದಿ ವರ್ಗಕ್ಕೂ ನಮ್ಮ ಕಾರ್ಖಾನೆಯ ಪರವಾಗಿ ಹೃತ್ಪೂರ್ವಕ ಅಭಿನಂದನೆಗಳು.

ಪ್ರಕಟವಾಗಿರುವ ಅಂಕಿಗಳ ಪ್ರಕಾರ ತಮ್ಮಲ್ಲಿ ಸಿಪ್ಪೆಯೊಂದಿಗೆ ಹೋದ ಸಕ್ಕರೆ ಕಬ್ಬಿನ ಶೇ. 0.60 ಮಾತ್ರ, ಕಾಕಂಬಿಯೊಂದಿಗೆ ಹೋದದ್ದು ಶೇ. 1.00. ಉಗಿಯ ಖರ್ಚನ್ನು ಹೆಚ್ಚಿಸದೆ ಸಿಪ್ಪೆಯ ನಷ್ಟವನ್ನು ಈ ಮಟ್ಟಕ್ಕೆ ಇಳಿಸುವುದು ಎಷ್ಟು ಕಷ್ಟವೆಂಬುದನ್ನು ಇದೇ ಕೆಲಸದಲ್ಲಿರುವ ನಾವು ಬಲ್ಲೆವು. ಬೇಸಿಗೆಯ ತಿಂಗಳುಗಳನ್ನೂ ಒಳಗೊಂಡ ಹಂಗಾಮಿನಲ್ಲಿ ಕಾಕಂಬಿಯ ನಷ್ಟವನ್ನು ಹತೋಟಿಯಲ್ಲಿ ಇಡಬೇಕಾದರೆ ಕಟಾವಾದ ಕಬ್ಬು ತಡವಿಲ್ಲದೆ ಗಾಣ ತಲುಪಿರಬೇಕು. ಈ ಎರಡರಲ್ಲಿಯೂ ಕಳೆದ ಹಂಗಾಮಿನಲ್ಲಿ ತಮ್ಮ ಕಾರ್ಖಾನೆ ನಮಗಿಂತ ಮುಂದಿತ್ತು.

ಈ ಗೌರವವು ತಮ್ಮ ಅರೆಯುವ ವಿಭಾಗ, ಕುದಿಸುವ ವಿಭಾಗ ಹಾಗೂ ಪ್ರಯೋಗಾಲಯದ ಎಲ್ಲ ಪಾಳಿಗಳ ಸಿಬ್ಬಂದಿಗೂ, ಕಟಾವು ಆದೇಶಗಳನ್ನು ಕ್ರಮವಾಗಿ ನಡೆಸಿದ ಕಬ್ಬು ವಿಭಾಗಕ್ಕೂ ಸಲ್ಲತಕ್ಕದ್ದು. ನಮ್ಮ ಮುಖ್ಯ ಎಂಜಿನಿಯರ್ ಮತ್ತು ಮುಖ್ಯ ರಸಾಯನತಜ್ಞರ ಅಭಿನಂದನೆಗಳನ್ನೂ ಅವರೆಲ್ಲರಿಗೆ ತಿಳಿಸಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ ನಿರ್ದೇಶಕ"

ಪತ್ರದಲ್ಲಿ ಇರುವುದು, ಇಲ್ಲದಿರುವುದು

ಪತ್ರದ ಬಲವೆಲ್ಲ ಎರಡನೆಯ ಪರಿಚ್ಛೇದದಲ್ಲಿದೆ. ಸಿಪ್ಪೆಯ ನಷ್ಟವನ್ನು ತಗ್ಗಿಸಲು ಗಾಣಗಳ ನಡುವೆ ಸಿಪ್ಪೆಯ ಮೇಲೆ ಹೆಚ್ಚು ನೀರು ಹಾಯಿಸಬೇಕು. ಆ ನೀರು ಉಳಿದ ಸಕ್ಕರೆಯನ್ನು ತೊಳೆದು ತರುತ್ತದೆ. ಆದರೆ ಹಾಕಿದ ನೀರನ್ನೆಲ್ಲ ಮುಂದೆ ಆವಿ ಮಾಡಲೇಬೇಕು, ಅದಕ್ಕೆ ಉಗಿ ಬೇಕು, ಉಗಿಗೆ ಇಂಧನವಾಗಿ ಅದೇ ಸಿಪ್ಪೆ ಉರಿಯಬೇಕು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಳೆಯದೆ ನಡೆಸುವುದೇ ಕೌಶಲ. ಹಾಗೆಯೇ ಕಟಾವಾದ ಕಬ್ಬು ಬಿಸಿಲಿನಲ್ಲಿ ಒಂದೆರಡು ದಿನ ನಿಂತರೆ ಅದರ ಸಕ್ಕರೆ ಒಡೆಯಲಾರಂಭಿಸುತ್ತದೆ. ಅಂತಹ ಕಬ್ಬಿನ ಪಾಕ ಅಂಟಂಟಾಗಿ ಹರಳು ಸರಿಯಾಗಿ ಬೇರ್ಪಡುವುದಿಲ್ಲ, ಸಕ್ಕರೆ ಕಾಕಂಬಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಾಕಂಬಿಯ ಅಂಕಿಯನ್ನು ಓದಬಲ್ಲವರಿಗೆ ಗೇಟಿನ ಹೊರಗೆ ನಿಂತ ಗಾಡಿಗಳ ಸಾಲು ಎಷ್ಟು ಉದ್ದವಿತ್ತು ಎಂಬುದೂ ಕಾಣುತ್ತದೆ.

ಗಣ್ಯರ ಭಾಷಣ ಇದನ್ನು ಹೇಳಲಾರದು. ಪ್ರಶಸ್ತಿ ಪತ್ರವೂ ಇಷ್ಟು ಹೇಳುವುದಿಲ್ಲ. ಪೂರ್ವದ ಕಾರ್ಖಾನೆಯವರು ಯಾವ ಕೆಲಸಕ್ಕಾಗಿ ನಿದ್ದೆಗೆಟ್ಟರೋ ಅದನ್ನೇ ಹೆಸರಿಸಿ ಹೊಗಳುವ ಯೋಗ್ಯತೆ ಇರುವುದು ಅದೇ ಕೆಲಸ ಮಾಡುವವರಿಗೆ, ಅಂದರೆ ಪ್ರತಿಸ್ಪರ್ಧಿಗೆ.

ಪತ್ರದಲ್ಲಿ 'ನಾವು' ಎಂಬ ಮಾತು ಬರುತ್ತದೆ. ಸುದ್ದಿ ಓದಿದವರಾಗಿ, ಕೆಲಸದ ಕಷ್ಟ ಬಲ್ಲವರಾಗಿ, ಹಿಂದೆ ಬಿದ್ದವರಾಗಿ, ಶುಭ ಕೋರುವವರಾಗಿ. ಸಾಧಕರಾಗಿ ಎಲ್ಲಿಯೂ ಬರುವುದಿಲ್ಲ. ಕರಡು ಸಿದ್ಧವಾದ ಮೇಲೆ 'ನಾವು', 'ನಮ್ಮ' ಎಂಬ ಪದಗಳಿಗೆಲ್ಲ ಗೆರೆ ಎಳೆದು ಹೀಗೆ ಪರೀಕ್ಷಿಸಬಹುದು. ಇನ್ನೊಂದು ಪರೀಕ್ಷೆಯೂ ಇದೆ. ಕಾರ್ಖಾನೆಯ ಹೆಸರನ್ನು ಬದಲಿಸಿ ಅದೇ ಪತ್ರವನ್ನು ಅಕ್ಕಿ ಗಿರಣಿಗೋ ಸಿದ್ಧ ಉಡುಪಿನ ಘಟಕಕ್ಕೋ ಕಳುಹಿಸಬಹುದಾದರೆ ಅದರಲ್ಲಿ ಏನೂ ಹೇಳಿಲ್ಲವೆಂದೇ ಅರ್ಥ. ಸೋಮನಹಳ್ಳಿಯಂತಹ ಕಡೆಯ ಉಡುಪು ಘಟಕವು ತನ್ನ ನೆರೆಯವರಿಗೆ ಬರೆಯುವಾಗ ಹೊಲಿಗೆ ಸಾಲಿನಲ್ಲಿ ತಿರಸ್ಕೃತವಾದ ತುಂಡುಗಳ ಪ್ರಮಾಣವನ್ನು ಹೆಸರಿಸಬೇಕಾದೀತು, ಯಂತ್ರದ ಬಿಡಿಭಾಗ ತಯಾರಿಸುವವರು ಅಳತೆಯ ನಿಖರತೆಯನ್ನು. ಪ್ರಶಸ್ತಿ ಯಾವುದನ್ನು ಅಳೆಯಿತೋ ಅದನ್ನೇ ಹಿಡಿಯಬೇಕು.

ಅಂಕಿಗಳನ್ನು ಬಳಸುವಾಗ ಪ್ರಕಟವಾದವನ್ನು ಮಾತ್ರ ಬಳಸಬೇಕು. ಆ ಕಾರ್ಖಾನೆಯಿಂದ ಬಂದು ಸೇರಿದ ನೌಕರರೋ, ಇಬ್ಬರಿಗೂ ಯಂತ್ರ ಪೂರೈಸುವವರೋ ಹೇಳಿದ ಒಳಗಿನ ಅಂಕಿ ಪತ್ರದಲ್ಲಿ ಕಾಣಿಸಿಕೊಂಡರೆ ಓದಿದವರಿಗೆ ಸಂತಸದ ಬದಲು ಶಂಕೆ ಮೂಡುತ್ತದೆ. ಪ್ರಕಟವಾದ ಅಂಕಿಗಳೇ ಇಲ್ಲದಿದ್ದರೆ ಅಂಕಿಯನ್ನು ಬಿಟ್ಟು ಕೆಲಸವನ್ನಷ್ಟೇ ಹೆಸರಿಸಬಹುದು.

ಪತ್ರದ ಕೊನೆಯಲ್ಲಿ "ಇನ್ನು ಮುಂದೆ ಉಭಯ ಸಂಸ್ಥೆಗಳೂ ಸಹಕರಿಸೋಣ" ಎಂಬ ಸಾಲು ಸೇರಿಸುವ ರೂಢಿಯಿದೆ. ಅದನ್ನು ಬಿಡುವುದು ಲೇಸು. ಅಭಿನಂದನೆಯ ಬೆನ್ನಿಗೆ ಕೋರಿಕೆ ಬಂದರೆ ಅಭಿನಂದನೆಯೇ ಪೀಠಿಕೆಯಾಗಿಬಿಡುತ್ತದೆ. ಕಾನೂನಿನ ಕಾರಣವೂ ಇದೆ. 2002ರ ಸ್ಪರ್ಧಾ ಕಾಯಿದೆಯ 3ನೇ ಕಲಮು ಪ್ರತಿಸ್ಪರ್ಧಿಗಳು ಬೆಲೆ, ಉತ್ಪಾದನೆಯ ಪ್ರಮಾಣ, ಮಾರುಕಟ್ಟೆಯ ಹಂಚಿಕೆ, ಟೆಂಡರ್ ಇವುಗಳ ಬಗೆಗೆ ಮಾಡಿಕೊಳ್ಳುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ಬರಹದಲ್ಲಿ ಇರುವ ಒಪ್ಪಂದವೇ ಆಗಬೇಕೆಂದಿಲ್ಲ, ಪರಸ್ಪರ ತಿಳಿವಳಿಕೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಸೌಜನ್ಯದ ಪತ್ರದಲ್ಲಿ ಸಕ್ಕರೆಯ ದರವಾಗಲಿ ಕಬ್ಬಿನ ಹಂಚಿಕೆಯಾಗಲಿ ಸುಳಿಯಬಾರದು.

ಪತ್ರವನ್ನು ಸುದ್ದಿ ತಿಳಿದ ಒಂದೆರಡು ದಿನಗಳೊಳಗೆ, ಮುಖ್ಯಸ್ಥರ ಸಹಿಯೊಂದಿಗೆ, ಗೆದ್ದವರಿಗೆ ಮಾತ್ರ ಕಳುಹಿಸಬೇಕು. ಪತ್ರಿಕೆಗಳಿಗೂ ಗ್ರಾಹಕರಿಗೂ ಅದರ ಪ್ರತಿ ಹೋದರೆ ಹೊಗಳಿದ್ದು ಯಾರು ನೋಡಲೆಂದು ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಪ್ರಕಟಿಸುವುದೂ ಬಿಡುವುದೂ ಪಡೆದವರ ಇಚ್ಛೆ.

ರೈತರ ಪ್ರಶ್ನೆಗೆ ಉತ್ತರ

ಪತ್ರ ಪಡೆದವರು ಅದನ್ನು ಪ್ರಕಟಿಸಿದರೆ ಪಶ್ಚಿಮದ ಕಾರ್ಖಾನೆಯ ಬಾಗಿಲಿಗೆ ಆ ಪ್ರಶ್ನೆ ಬಂದೇ ಬರುತ್ತದೆ. ಪ್ರಕಟಿಸದಿದ್ದರೂ ಬರುತ್ತದೆ, ಏಕೆಂದರೆ ಪ್ರಶಸ್ತಿಯ ಸುದ್ದಿ ಎಲ್ಲರಿಗೂ ತಿಳಿದಿರುತ್ತದೆ. ಇಲ್ಲಿ ಪತ್ರ ಬರೆದ ಕಾರ್ಖಾನೆಗೆ ಒಂದು ಅನುಕೂಲವಿದೆ. ನೆರೆಯವರು ಯಾವುದರಲ್ಲಿ ಮುಂದಿದ್ದಾರೆ ಎಂಬುದನ್ನು ಹೊಗಳಲೆಂದು ಹುಡುಕುವಾಗ ತಾನು ಎಲ್ಲಿ ಹಿಂದಿದೆ ಎಂಬುದೂ ಅದಕ್ಕೆ ತಿಳಿದುಹೋಗಿರುತ್ತದೆ. 0.40ರ ಅಂತರದಲ್ಲಿ ಕಾಕಂಬಿಯ ಪಾಲೇ 0.20, ಸಿಪ್ಪೆಯದು 0.12. ಅಂತರದ ಅರ್ಧ ಭಾಗ ಒಂದೇ ಕಡೆ ಇದೆ.

ಹೀಗಿರುವಾಗ ಕಬ್ಬು ವಿಭಾಗದ ಅಧಿಕಾರಿ ರೈತರಿಗೆ, "ಹೌದು, ಅವರ ಇಳುವರಿ ನಮ್ಮದಕ್ಕಿಂತ ಹೆಚ್ಚು. ಕಬ್ಬು ನಿಮ್ಮದೂ ಅಷ್ಟೇ ಚೆನ್ನಾಗಿದೆ. ಕಡಿದ ಮೇಲೆ ನಮ್ಮ ಗೇಟಿನಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುತ್ತಿದೆ. ಈ ಹಂಗಾಮಿಗೆ ದಿನಕ್ಕೆ ಅರೆಯುವಷ್ಟಕ್ಕೆ ಮಾತ್ರ ಕಟಾವು ಆದೇಶ ಕೊಡುತ್ತೇವೆ" ಎಂದು ಹೇಳಬಹುದು. ಇಂತಹ ಉತ್ತರ ಕೊಡಲು ಸಿದ್ಧವಿರುವ ಕಾರ್ಖಾನೆಗೆ ಅಭಿನಂದನಾ ಪತ್ರದಲ್ಲಿ ಸಮರ್ಥನೆಯ ಎಳೆ ಬೇಕಾಗುವುದಿಲ್ಲ. ಕೊಂಕಿಗೂ ಅಲ್ಲಿ ಜಾಗವಿರುವುದಿಲ್ಲ.

ಈ ಉತ್ತರ ನಿಜವೋ ಅಲ್ಲವೋ ಎಂಬುದನ್ನು ರೈತರು ಮುಂದಿನ ಹಂಗಾಮಿನಲ್ಲಿ ಗೇಟಿನ ಮುಂದಿನ ಗಾಡಿಗಳ ಸಾಲನ್ನು ನೋಡಿಯೇ ತಿಳಿಯುತ್ತಾರೆ.